ಎಡಗೈ ಎತ್ತಿದರೆ ನಿಲ್ಲಬೇಕು: ವಯಸ್ಕರ ದಂತಭಯ ಇಳಿಯುವ ಬಗೆ

ನಲವತ್ತೆರಡು ವರ್ಷದ ಶಿಕ್ಷಕಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ಅವರನ್ನು ಸುಮಿತ್ರಾ ಎಂದು ಕರೆಯೋಣ. ಎರಡು ಹೆರಿಗೆಗಳನ್ನು ಕಂಡವರು, ಅದರಲ್ಲಿ ಒಂದು ಸಿಸೇರಿಯನ್. ನೋವು ತಡೆಯಲಾರದವರು ಎಂದು ಅವರನ್ನು ಯಾರೂ ಹೇಳಲಾರರು. ಆದರೂ ಇಪ್ಪತ್ಮೂರು ವರ್ಷಗಳಿಂದ ಅವರು ದಂತವೈದ್ಯರ ಕುರ್ಚಿಯ ಮೇಲೆ ಕುಳಿತಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ದವಡೆ ಹಲ್ಲೊಂದನ್ನು ಕೀಳಿಸಿಕೊಳ್ಳುವಾಗ ಜೋಮು ಪೂರ್ತಿ ಹಿಡಿದಿರಲಿಲ್ಲ. ಅವರು ಕೈ ಒದರಿದಾಗ ಸಹಾಯಕಿ ಭುಜ ಒತ್ತಿ ಹಿಡಿದಿದ್ದರು, ವೈದ್ಯರು "ಆಯ್ತು, ಆಯ್ತು, ಇನ್ನೊಂದೇ ನಿಮಿಷ" ಎನ್ನುತ್ತಲೇ ಕೆಲಸ ಮುಗಿಸಿದ್ದರು. ಅಂದಿನಿಂದ ಹಲ್ಲು ನೊಂದಾಗಲೆಲ್ಲ ಲವಂಗ, ಉಪ್ಪುನೀರು, ಮೆಡಿಕಲ್ ಶಾಪಿನ ನೋವಿನ ಮಾತ್ರೆ ಇಷ್ಟೇ. ಈಗ ಕೆಳಗಿನ ಬಲದವಡೆಯ ಹಲ್ಲಿಗೆ ರೂಟ್ ಕೆನಾಲ್ ಬೇಕಾಗಿದೆ, ಮೇಲಿನ ಹಲ್ಲೊಂದರಲ್ಲಿ ಸಣ್ಣ ಹುಳುಕಿದೆ, ವಸಡಿನ ಸುತ್ತ ಕಿಟ್ಟ ಗಟ್ಟಿಯಾಗಿ ಕುಳಿತಿದೆ.

ಅವರ ನೆನಪಿನಲ್ಲಿ ಉಳಿದಿರುವುದೇನು ಎಂದು ಗಮನಿಸಬೇಕು. ನೋವು ಉಳಿದಿದೆ, ನಿಜ. ಆದರೆ ಅದಕ್ಕಿಂತ ಆಳವಾಗಿ ಉಳಿದಿರುವುದು ಬಾಯಿ ತೆರೆದಿರುವುದರಿಂದ ಮಾತಾಡಲಾಗದೆ, ಅಂಗಾತ ಮಲಗಿರುವುದರಿಂದ ಏಳಲಾಗದೆ, ತಾವು ಸಾಕು ಎಂದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಕಳೆದ ಆ ಕೆಲವು ನಿಮಿಷಗಳು. ವಯಸ್ಕರ ದಂತಭಯದಲ್ಲಿ ಇದು ಮತ್ತೆ ಮತ್ತೆ ಕಾಣುವ ಸಂಗತಿ. ಮುಂದೆ ಏನಾಗುತ್ತದೆಂದು ತಿಳಿಯದಿರುವುದು ಮತ್ತು ಆಗುತ್ತಿರುವುದನ್ನು ನಿಲ್ಲಿಸಲು ಆಗದಿರುವುದು, ಇವೆರಡೂ ಸೇರಿದಾಗ ಸಾಧಾರಣ ನೋವೂ ಭಯಂಕರವಾಗಿ ಮನಸ್ಸಿನಲ್ಲಿ ಅಚ್ಚೊತ್ತುತ್ತದೆ. ಹಾಗಾಗಿ "ಈಗೆಲ್ಲ ನೋವೇ ಆಗುವುದಿಲ್ಲ, ಧೈರ್ಯವಾಗಿ ಬನ್ನಿ" ಎಂಬ ಸಮಾಧಾನದ ಮಾತು ಅವರಿಗೆ ತಾಗುವುದಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿಯೂ ಅವರಿಗೆ ಅದೇ ಮಾತು ಹೇಳಿದ್ದರು.

ತಪ್ಪಿಸಿಕೊಳ್ಳುವುದೇ ಈ ಭಯವನ್ನು ಸಾಕುತ್ತದೆ. ದಂತವೈದ್ಯರ ಬಳಿ ಹೋಗಲು ದಿನ ಗೊತ್ತುಮಾಡಿ, ಹಿಂದಿನ ರಾತ್ರಿ ನಿದ್ದೆಗೆಟ್ಟು, ಬೆಳಿಗ್ಗೆ ಫೋನ್ ಮಾಡಿ "ಇವತ್ತು ಆಗುವುದಿಲ್ಲ" ಎಂದುಬಿಟ್ಟರೆ ಆ ಕ್ಷಣ ಎದೆ ಹಗುರಾಗುತ್ತದೆ. ಹಾಗೆ ಹಗುರಾದದ್ದೇ ಬಹುಮಾನವಾಗಿ, ಮುಂದಿನ ಸಲ ಇನ್ನೂ ಸುಲಭವಾಗಿ ತಪ್ಪಿಸಿಕೊಳ್ಳುವುದನ್ನು ಮನಸ್ಸು ಕಲಿಯುತ್ತದೆ. ಈ ನಡುವೆ ಹುಳುಕು ಬೆಳೆಯುತ್ತದೆ, ಬಾಯಿಯ ಸ್ಥಿತಿಯ ಬಗ್ಗೆ ನಾಚಿಕೆ ಬೆಳೆಯುತ್ತದೆ, ಆ ನಾಚಿಕೆ ಮತ್ತೆ ಬಾಗಿಲು ಮುಚ್ಚುತ್ತದೆ. ಸ್ವೀಡನ್ನಿನ ಸಂಶೋಧಕ ಉಲ್ಫ್ ಬರ್ಗ್ರೆನ್ 1980ರ ದಶಕದಲ್ಲಿ ಇದನ್ನು ಒಂದು ವಿಷವರ್ತುಲವಾಗಿ ವಿವರಿಸಿದರು. ಈ ವರ್ತುಲಕ್ಕೆ ದೇಹದ ಕಡೆಯಿಂದಲೂ ಒಂದು ಕೊಂಡಿಯಿದೆ. ತಾಳಲಾರದ ನೋವು ಬಂದಾಗ ಮಾತ್ರ ವೈದ್ಯರ ಬಳಿ ಓಡುವವರ ಹಲ್ಲಿನೊಳಗಿನ ನರ ಆಗಲೇ ತೀವ್ರವಾಗಿ ಉರಿಯೂತಗೊಂಡಿರುತ್ತದೆ. ಹಾಗೆ ಕೆರಳಿದ ಕೆಳದವಡೆಯ ಹಲ್ಲಿಗೆ ಅರಿವಳಿಕೆ ಸರಿಯಾಗಿ ಹಿಡಿಯುವುದು ನಿಜಕ್ಕೂ ಕಷ್ಟ. ಅಂದರೆ ಹೆದರಿ ತಡಮಾಡಿದವರಿಗೇ ಚಿಕಿತ್ಸೆಯಲ್ಲಿ ನೋವಾಗುವ ಸಂಭವ ಹೆಚ್ಚು, ಆಮೇಲೆ ಅವರ ಭಯಕ್ಕೆ ಹೊಸ ಸಾಕ್ಷಿ ಸಿಕ್ಕಂತಾಗುತ್ತದೆ.

ಕೆಲಸ ಶುರುವಾಗುವುದು ಭಯ ಎಷ್ಟಿದೆ ಮತ್ತು ಯಾವುದರ ಮೇಲಿದೆ ಎಂದು ನೋಡುವುದರಿಂದ. ಇದಕ್ಕೆ ಐದು ಪ್ರಶ್ನೆಗಳ ಒಂದು ಪಟ್ಟಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ನಾಳೆ ಚಿಕಿತ್ಸೆಗೆ ಹೋಗಬೇಕೆಂದರೆ, ಹೊರಗೆ ಸರದಿಗಾಗಿ ಕಾಯುತ್ತಿದ್ದರೆ, ಹಲ್ಲು ಕೊರೆಯುವ ಮುನ್ನ, ಹಲ್ಲು ಕ್ಲೀನ್ ಮಾಡುವ ಮುನ್ನ, ವಸಡಿಗೆ ಇಂಜೆಕ್ಷನ್ ಕೊಡುವ ಮುನ್ನ ನಿಮಗೆಷ್ಟು ಆತಂಕ ಎಂದು ಕೇಳಿ ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ಕೊಡಿಸುತ್ತಾರೆ. ಒಟ್ಟು 19 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ತೀವ್ರ ಭಯ. ಸುಮಿತ್ರಾ ಅವರದು 21 ಆಯಿತು ಎನ್ನೋಣ. ಇಂಜೆಕ್ಷನ್ನಿಗೆ 3, ಕೊರೆಯುವುದಕ್ಕೆ 5. ಒಟ್ಟು ಅಂಕಕ್ಕಿಂತ ಈ ಬಿಡಿ ಅಂಕಗಳೇ ಹೆಚ್ಚು ಹೇಳುತ್ತವೆ, ಏಕೆಂದರೆ ಭಯಕ್ಕೆ ಹಂತಹಂತವಾಗಿ ಎದುರಾಗಲು ಮುಂದೆ ಕಟ್ಟಬೇಕಾದ ಏಣಿಯ ಮೆಟ್ಟಿಲುಗಳು ಇವುಗಳಿಂದಲೇ ಹೊರಡುತ್ತವೆ.

ಇಲ್ಲಿ ಒಂದು ಬಗೆಯ ಭಯವನ್ನು ಬೇರೆಯಾಗಿ ಗುರುತಿಸಬೇಕು. ಸೂಜಿ ಅಥವಾ ರಕ್ತ ಕಂಡರೆ ತಲೆ ಸುತ್ತಿ ಬೀಳುವವರಿರುತ್ತಾರೆ. ಅವರಲ್ಲಿ ರಕ್ತದೊತ್ತಡ ಮೊದಲು ಏರಿ ಆಮೇಲೆ ಥಟ್ಟನೆ ಕುಸಿಯುತ್ತದೆ. ಇಂಥವರಿಗೆ "ಮೈ ಸಡಿಲ ಬಿಡಿ, ನಿಧಾನ ಉಸಿರಾಡಿ" ಎಂಬ ಸಾಮಾನ್ಯ ಸಲಹೆ ಒಗ್ಗುವುದಿಲ್ಲ, ಬೇಕಾದದ್ದು ಅದರ ವಿರುದ್ಧ. ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು ಮುಖ ಬೆಚ್ಚಗಾಗುವವರೆಗೆ, ಸುಮಾರು ಹತ್ತು ಹದಿನೈದು ಸೆಕೆಂಡು ಬಿಗಿಹಿಡಿದು, ಇಪ್ಪತ್ತು ಮೂವತ್ತು ಸೆಕೆಂಡು ಬಿಟ್ಟು, ಹೀಗೆ ಐದು ಸಲ ಮಾಡುವುದರಿಂದ ಒತ್ತಡ ಕುಸಿಯುವುದು ತಪ್ಪುತ್ತದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಗೋರನ್ ಓಸ್ಟ್ ರೂಪಿಸಿದ ವಿಧಾನವಿದು. ಸುಮಿತ್ರಾ ಅವರಿಗೆ ಎಂದೂ ತಲೆ ಸುತ್ತಿಲ್ಲ, ಅವರ ಎದೆ ಹೊಡೆದುಕೊಳ್ಳುತ್ತದೆ ಅಷ್ಟೇ. ಹಾಗಾಗಿ ಅವರಿಗೆ ಇದು ಬೇಡ.

ಏಣಿಯ ವಿಷಯಕ್ಕೆ ಬರೋಣ. ಹಂತಹಂತವಾಗಿ ಭಯಕ್ಕೆ ಎದುರಾಗುವುದೆಂದರೆ ದಿನದಿನಕ್ಕೂ ಸ್ವಲ್ಪ ಸ್ವಲ್ಪ ಸಹಿಸಿಕೊಳ್ಳುವುದು ಎಂದು ಅನೇಕರು ತಿಳಿದಿದ್ದಾರೆ. ಹಲ್ಲು ಕಚ್ಚಿ ಸಹಿಸಿಕೊಂಡವರು ಕಲಿಯುವುದು "ಹೇಗೋ ಬದುಕಿ ಬಂದೆ" ಎಂಬುದನ್ನು ಮಾತ್ರ. ಕಲಿಯಬೇಕಾದದ್ದು ಬೇರೆ. ಮನಸ್ಸು ನುಡಿಯುತ್ತಿರುವ ಭವಿಷ್ಯ ಸುಳ್ಳಾಗುವುದನ್ನು ಅವರು ತಮ್ಮ ಕಣ್ಣಾರೆ ಕಾಣಬೇಕು. ಆದ್ದರಿಂದ ಪ್ರತಿ ಮೆಟ್ಟಿಲಿಗೂ ಮೊದಲು ಸುಮಿತ್ರಾ ಒಂದು ವಾಕ್ಯ ಬರೆಯುತ್ತಾರೆ. ಮೊದಲನೆಯದು ಹೀಗಿದೆ: "ಕುರ್ಚಿ ಹಿಂದಕ್ಕೆ ಬಾಗಿದ ಕೂಡಲೇ ನನಗೆ ಉಸಿರು ಕಟ್ಟುತ್ತದೆ, ಎದ್ದು ಓಡುತ್ತೇನೆ." ಇದು ನಡೆಯುತ್ತದೆಂಬ ನಂಬಿಕೆ ನೂರಕ್ಕೆ 90. ಆಮೇಲೆ ಕುರ್ಚಿಯನ್ನು ಬಾಗಿಸುವ ಬಟನ್ನನ್ನು ಅವರ ಕೈಗೇ ಕೊಡುತ್ತಾರೆ. ಅರ್ಧ ಬಾಗಿಸಿದಾಗ ಆತಂಕ ನೂರಕ್ಕೆ 80, ಎರಡು ನಿಮಿಷಕ್ಕೆ 70, ಐದು ನಿಮಿಷಕ್ಕೆ 45. ಉಸಿರು ಕಟ್ಟಲಿಲ್ಲ. ಎದ್ದು ಓಡಬಹುದಿತ್ತು, ಓಡಲಿಲ್ಲ. ಅದನ್ನೂ ಬರೆದುಕೊಳ್ಳುತ್ತಾರೆ.

ಅವರ ಏಣಿ ಹೀಗಿದೆ. ಮೊದಲ ಭೇಟಿಯಲ್ಲಿ ಇಪ್ಪತ್ತು ನಿಮಿಷ ಬರೀ ಮಾತು, ಅದೂ ವೈದ್ಯರ ಮೇಜಿನ ಮುಂದಿನ ಸಾಧಾರಣ ಕುರ್ಚಿಯಲ್ಲಿ. ಬಾಯಿ ತೆರೆಯುವ ಪ್ರಶ್ನೆಯೇ ಇಲ್ಲ. ಎರಡನೆಯ ಭೇಟಿಯಲ್ಲಿ ಚಿಕಿತ್ಸೆಯ ಕುರ್ಚಿ ಮತ್ತು ಬಾಯಿಗನ್ನಡಿ. ಕನ್ನಡಿಯನ್ನು ಮೊದಲು ಅವರೇ ಬಾಯಿಗೆ ಹಾಕಿಕೊಳ್ಳುತ್ತಾರೆ, ಆಮೇಲೆ ವೈದ್ಯರು. ಮೂರನೆಯ ಭೇಟಿಯಲ್ಲಿ ಎಂಜಲು ಎಳೆಯುವ ಕೊಳವೆ, ಗಾಳಿ ಮತ್ತು ನೀರು, ಆಮೇಲೆ ಬಾಯಿಯ ಹೊರಗೆ ಡ್ರಿಲ್ಲಿನ ಸದ್ದು, ನಿಧಾನವಾಗಿ ತಿರುಗುವ ರಬ್ಬರ್ ಕಪ್ಪನ್ನು ಮೊದಲು ಉಗುರಿನ ಮೇಲೆ, ನಂತರ ಮುಂದಿನ ಹಲ್ಲಿನ ಮೇಲೆ. ನಾಲ್ಕನೆಯದರಲ್ಲಿ ಹಲ್ಲು ಶುಚಿಗೊಳಿಸುವುದು. ಐದನೆಯದರಲ್ಲಿ ಮೇಲಿನ ಸಣ್ಣ ಹುಳುಕಿಗೆ ಫಿಲ್ಲಿಂಗ್. ರೂಟ್ ಕೆನಾಲ್ ಇದೆಲ್ಲ ಆದ ಮೇಲೆ. ಪ್ರತಿ ಮೆಟ್ಟಿಲಿನಲ್ಲೂ ಆತಂಕ ಶಿಖರದಲ್ಲಿದ್ದಾಗ ಎದ್ದು ಹೋಗದೆ, ಅದು ಸ್ವಲ್ಪವಾದರೂ ಇಳಿದ ಮೇಲೆ ಅಥವಾ ಅಂಜಿದ್ದು ನಡೆಯಲಿಲ್ಲವೆಂಬುದು ಖಚಿತವಾದ ಮೇಲೆ ಆ ದಿನದ ಕೆಲಸ ನಿಲ್ಲಿಸುತ್ತಾರೆ. ಭೇಟಿಗಳ ನಡುವೆ ಒಂದು ವಾರಕ್ಕಿಂತ ಹೆಚ್ಚು ಬಿಡದಿರುವುದು ಒಳ್ಳೆಯದು. ತಿಂಗಳು ಕಳೆದರೆ ಅಳುಕು ಮತ್ತೆ ತಲೆಯೆತ್ತುತ್ತದೆ.

ಇಷ್ಟು ಭೇಟಿಗಳಿಗೆ ಯಾರ ಬಳಿ ಸಮಯವಿದೆ ಎಂದು ಕೇಳಬಹುದು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸೇವೆಯೊಂದರಲ್ಲಿ ದಂತಭಯವಿದ್ದ ರೋಗಿಗಳಿಗೆ ಇಂಥ ಮನೋಚಿಕಿತ್ಸೆ ಕೊಟ್ಟಾಗ ಸರಾಸರಿ ಐದು ಭೇಟಿಗಳು ಸಾಕಾದವು, ಅವರಲ್ಲಿ ನೂರಕ್ಕೆ 79 ಮಂದಿ ಮುಂದೆ ಮಂಪರು ಬರಿಸುವ ಔಷಧಿಯಿಲ್ಲದೆಯೇ ಹಲ್ಲಿನ ಚಿಕಿತ್ಸೆ ಪಡೆದರು ಎಂದು 2015ರಲ್ಲಿ ವರದಿಯಾಯಿತು. ಇಪ್ಪತ್ಮೂರು ವರ್ಷಗಳ ಲವಂಗಕ್ಕೆ ಹೋಲಿಸಿದರೆ ಐದು ಭೇಟಿ ದೊಡ್ಡದಲ್ಲ ಎಂದು ನಾನು ನಂಬಿದ್ದೇನೆ.

ಈ ಏಣಿಗೆ ಹಿಡಿಗಂಬಿಯಂತಿರುವುದು ನಿಲ್ಲಿಸುವ ಸಂಜ್ಞೆ. ಕೇಳಲು ತೀರ ಸರಳ: ರೋಗಿ ಎಡಗೈ ಎತ್ತಿದರೆ ವೈದ್ಯರು ನಿಲ್ಲಿಸುತ್ತಾರೆ. ಆದರೆ ಇದನ್ನು ಸರಿಯಾಗಿ ಮಾಡುವವರು ಕಡಿಮೆ. ಎಡಗೈ ಏಕೆಂದರೆ ಬಲಗೈ ಬಳಸುವ ವೈದ್ಯರು ರೋಗಿಯ ಬಲಕ್ಕೆ ಕೂರುತ್ತಾರೆ. ಬಲಗೈ ಮೇಲೆದ್ದರೆ ಉಪಕರಣ ಹಿಡಿದ ಕೈಗೆ ತಗಲಬಹುದು. ಕೈ ಬಾಯಿಯ ಕಡೆ ಹೋಗಬಾರದು, ಕುರ್ಚಿಯ ತೋಳಿನಿಂದ ನೇರ ಮೇಲಕ್ಕೆ ಏಳಬೇಕು, ಅದು ವೈದ್ಯರ ಕಣ್ಣಿಗೆ ಕಾಣುವ ಜಾಗದಲ್ಲಿರಬೇಕು. ವೈದ್ಯರು ಹೇಳಬೇಕಾದ ಮಾತು ಇಷ್ಟು: "ಮೇಡಂ, ನೀವು ಕೈ ಎತ್ತಿದ ಕೂಡಲೇ ನಾನು ಕೈ ಹೊರಗೆ ತೆಗೀತೀನಿ. ಯಾಕೆ ಅಂತ ಆಮೇಲೆ ಕೇಳ್ತೀನಿ, ಮೊದಲು ತೆಗೀತೀನಿ."

ಮಾತು ಕೊಟ್ಟರೆ ಸಾಲದು, ಪರೀಕ್ಷಿಸಿ ತೋರಿಸಬೇಕು. ಸುಮಿತ್ರಾ ಅವರ ಎರಡನೆಯ ಭೇಟಿಯಲ್ಲಿ ವೈದ್ಯರು ಕನ್ನಡಿ ಬಾಯಿಯೊಳಗಿಟ್ಟು, "ಈಗ ಸುಮ್ಮನೆ ಒಂದು ಸಲ ಕೈ ಎತ್ತಿ ನೋಡಿ, ನೋವಿರಬೇಕಾಗಿಲ್ಲ" ಎನ್ನುತ್ತಾರೆ. ಕೈ ಏಳುತ್ತದೆ, ಕನ್ನಡಿ ಹೊರಗೆ ಬರುತ್ತದೆ. ಹೀಗೆ ಮೂರು ಸಲ. ಮೂರನೆಯ ಭೇಟಿಯಲ್ಲಿ ತಿರುಗುತ್ತಿರುವ ರಬ್ಬರ್ ಕಪ್ಪಿನೊಂದಿಗೆ ಮತ್ತೆ ಮೂರು ಸಲ. ನೋವಿಲ್ಲದ ಹೊತ್ತಿನಲ್ಲಿ ಕೈ ಎತ್ತಿ ಅಭ್ಯಾಸವಾಗದವರು ನೋವಿನ ಹೊತ್ತಿನಲ್ಲಿ ಎತ್ತುವುದಿಲ್ಲ. ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಡಾಕ್ಟರಿಗೆ ತೊಂದರೆ ಕೊಡಬಾರದು, ಹೊರಗೆ ಜನ ಕಾಯುತ್ತಿದ್ದಾರೆ ಎಂಬ ಸಂಕೋಚದಿಂದ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದು ಸುಮ್ಮನಿರುವ ರೋಗಿಗಳು ನಮ್ಮ ಊರುಗಳಲ್ಲಿ ಬಹಳ. ಅಂಥವರ ಮೌನವನ್ನು ಧೈರ್ಯವೆಂದು ಓದಬಾರದು. ಬೆಳ್ಳಗಾದ ಬೆರಳ ಗೆಣ್ಣುಗಳು, ಮೇಲೆದ್ದ ಭುಜ, ತಡೆದ ಉಸಿರು ಇವನ್ನು ಕಂಡರೆ ಸಂಜ್ಞೆ ಬರದಿದ್ದರೂ ವೈದ್ಯರೇ ನಿಲ್ಲಿಸಬೇಕು.

ಸಂಜ್ಞೆ ಒಂದೇ ಒಂದು ಸಲ ಹುಸಿಯಾದರೂ ಅದು ಸತ್ತಂತೆ. "ಇನ್ನೊಂದೇ ಸೆಕೆಂಡ್" ಎಂಬ ಮಾತು ಸುಮಿತ್ರಾ ಅವರನ್ನು ನೇರವಾಗಿ ಹತ್ತೊಂಬತ್ತನೆಯ ವಯಸ್ಸಿಗೆ ಕರೆದೊಯ್ಯುತ್ತದೆ. ಆದ್ದರಿಂದ ಕೂಡಲೇ ನಿಲ್ಲಿಸಲಾಗದ ಗಳಿಗೆಗಳಿದ್ದರೆ ಅವನ್ನು ಮೊದಲೇ ಪ್ರಾಮಾಣಿಕವಾಗಿ ಹೇಳಿಬಿಡಬೇಕು. ಸೂಜಿ ಒಳಗಿದ್ದಾಗ ಹೊರತೆಗೆಯಲು ಒಂದೆರಡು ಸೆಕೆಂಡು ಬೇಕು, ಅಳತೆಯ ಅಚ್ಚು ಗಟ್ಟಿಯಾಗಲು ಕೆಲವು ನಿಮಿಷ ಬೇಕು, ಹಲ್ಲು ಕೀಳುವುದನ್ನು ಅರ್ಧಕ್ಕೆ ಬಿಟ್ಟು ಮನೆಗೆ ಕಳಿಸಲಾಗುವುದಿಲ್ಲ, ಆದರೆ ನಡುವೆ ಕೈ ತೆಗೆದು ಇನ್ನಷ್ಟು ಅರಿವಳಿಕೆ ಕೊಡಬಹುದು. ಕೊರೆಯುವಾಗ ಇದರ ಜೊತೆಗೆ ಎಣಿಕೆಯೂ ನೆರವಾಗುತ್ತದೆ. "ಐದರವರೆಗೆ ಎಣಿಸ್ತೀನಿ, ಐದಕ್ಕೆ ನಿಲ್ಲಿಸ್ತೀನಿ" ಎಂದು ಐದಕ್ಕೇ ನಿಲ್ಲಿಸಿದರೆ, ಮುಂದಿನ ಸಲ ಹತ್ತಕ್ಕೆ ಒಪ್ಪಿಗೆ ಸಿಗುತ್ತದೆ. ರೋಗಿ ಹತ್ತು ಸೆಕೆಂಡಿಗೊಮ್ಮೆ ಕೈ ಎತ್ತುತ್ತಿದ್ದರೆ ಅದು ಹಟವಲ್ಲ, ಒಂದೋ ಮೆಟ್ಟಿಲು ತೀರ ಎತ್ತರವಾಗಿದೆ, ಇಲ್ಲವೇ ಜೋಮು ಹಿಡಿದಿಲ್ಲ.

ಜೋಮಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೆಳದವಡೆಗೆ ಕೊಡುವ ಇಂಜೆಕ್ಷನ್ ತುಟಿಯನ್ನು ಮರಗಟ್ಟಿಸಿದ ಮಾತ್ರಕ್ಕೆ ಹಲ್ಲಿನ ಒಳಗಿನ ನರವೂ ಮರಗಟ್ಟಿದೆ ಎಂದಲ್ಲ. ತುಟಿ ದಪ್ಪಗಾದಂತೆ ಅನಿಸಿದ ಮೇಲೂ ಹಲ್ಲಿಗೆ ಹತ್ತು ಹದಿನೈದು ನಿಮಿಷ ಹಿಡಿಯಬಹುದು, ಕೆರಳಿದ ನರಕ್ಕೆ ಅಷ್ಟೂ ಸಾಲದಿರಬಹುದು. ಅದಕ್ಕೇ ಕೊರೆಯುವ ಮುನ್ನ ತಣ್ಣನೆಯ ಸ್ಪ್ರೇ ಹಾಕಿದ ಹತ್ತಿಯುಂಡೆಯನ್ನು ಹಲ್ಲಿಗೆ ತಾಗಿಸಿ ನೋಡಬೇಕು. ಶೀತ ತಾಗಿದ್ದು ಗೊತ್ತಾದರೆ ಕಾಯಬೇಕು, ಇಲ್ಲವೇ ಹಲ್ಲಿನ ಪಕ್ಕದಲ್ಲಿ ಪೂರಕ ಇಂಜೆಕ್ಷನ್ ಕೊಡಬೇಕು. ಇನ್ನೊಂದು ಸಂಗತಿಯನ್ನು ರೋಗಿಗೆ ಮೊದಲೇ ತಿಳಿಸಿರಬೇಕು. ಈ ಔಷಧಿಯ ಜೊತೆ ಸಾಮಾನ್ಯವಾಗಿ ಅಡ್ರಿನಾಲಿನ್ ಬೆರೆತಿರುತ್ತದೆ, ಅದರಿಂದ ಒಂದೆರಡು ನಿಮಿಷ ಎದೆ ಜೋರಾಗಿ ಬಡಿದುಕೊಳ್ಳಬಹುದು. ತಿಳಿಯದವರಿಗೆ ಇದೇ ಗಾಬರಿಯ ದಾಳಿಯಂತೆ ಕಂಡು, ತಮಗೆ ಅರಿವಳಿಕೆಯೇ ಒಗ್ಗುವುದಿಲ್ಲ ಎಂಬ ನಂಬಿಕೆ ವರ್ಷಗಟ್ಟಲೆ ಉಳಿಯುತ್ತದೆ. ನಮ್ಮಲ್ಲಿ ಮೇಲಿನ ಹಲ್ಲು ಕೀಳಿಸಿದರೆ ಕಣ್ಣಿನ ದೃಷ್ಟಿ ಮಂಜಾಗುತ್ತದೆ ಎಂಬ ಮಾತೂ ಬಲವಾಗಿದೆ. ಕಣ್ಣಿನ ನರವೂ ಹಲ್ಲಿನ ನರವೂ ಬೇರೆ ಬೇರೆ, ಹಲ್ಲು ಕಿತ್ತರೆ ದೃಷ್ಟಿ ಹೋಗುವುದಿಲ್ಲ. ಏಣಿ ಹತ್ತಿಸುವ ಮೊದಲು ಇಂಥ ಅಂಜಿಕೆಯೂ ಇದೆಯೇ ಎಂದು ಕೇಳಿ ತಿಳಿದಿರಬೇಕು.

ಏಣಿಗೆ ಕಾಲಾವಕಾಶವಿಲ್ಲದ ಸಂದರ್ಭಗಳಿವೆ. ಮುಖ ಊದಿ ಜ್ವರ ಬಂದಿದ್ದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾಗುತ್ತಿದ್ದರೆ ಸೋಂಕು ಕತ್ತಿನೆಡೆಗೆ ಇಳಿಯುತ್ತಿರಬಹುದು, ಆಗ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಆಗ ಭಯದ ಪಾಠವನ್ನು ಮುಂದಕ್ಕೆ ಹಾಕಿ ಮಂಪರಿನ ಅಥವಾ ಪೂರ್ಣ ಅರಿವಳಿಕೆಯ ನೆರವು ಪಡೆಯುವುದರಲ್ಲಿ ತಪ್ಪೇನೂ ಇಲ್ಲ.

ಮಂಪರಿನಲ್ಲಿ ಮೂರು ದಾರಿಗಳಿವೆ, ಮೂರರಲ್ಲೂ ರೋಗಿಗೆ ಪ್ರಜ್ಞೆ ಇರುತ್ತದೆ, ಕರೆದರೆ ಓಗೊಡುತ್ತಾರೆ, ಜೋಮಿನ ಇಂಜೆಕ್ಷನ್ ಬೇಕೇ ಬೇಕು. ಮೊದಲನೆಯದು ಮೂಗಿನ ಮೇಲೆ ಸಣ್ಣ ಮಾಸ್ಕ್ ಇಟ್ಟು ಉಸಿರಾಡಿಸುವ ನೈಟ್ರಸ್ ಆಕ್ಸೈಡ್. ಅಮೆರಿಕದ ಹಾರ್ಟ್‌ಫರ್ಡಿನ ದಂತವೈದ್ಯ ಹೊರೇಸ್ ವೆಲ್ಸ್ 1844ರಲ್ಲಿ ಇದನ್ನು ಉಸಿರಾಡಿ ತಮ್ಮದೇ ಹಲ್ಲನ್ನು ಕೀಳಿಸಿಕೊಂಡು ನೋಡಿದ್ದರು. ಇಂದು ಮೊದಲು ಶುದ್ಧ ಆಕ್ಸಿಜನ್ ಕೊಟ್ಟು, ಅನಿಲವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾರೆ. ಹೆಚ್ಚಿನವರಿಗೆ ಶೇಕಡ 30ರಿಂದ 50ರೊಳಗೆ ಕೈಕಾಲು ಬೆಚ್ಚಗಾಗಿ, ಮೈ ಹಗುರಾದಂತೆ ಅನಿಸುತ್ತದೆ. ಕೊನೆಯಲ್ಲಿ ಕೆಲವು ನಿಮಿಷ ಮತ್ತೆ ಆಕ್ಸಿಜನ್ ಕೊಟ್ಟರೆ ಪರಿಣಾಮ ಬೇಗ ಇಳಿಯುತ್ತದೆ. ಮೂಗು ಕಟ್ಟಿದವರಿಗೆ ಇದು ಕೆಲಸ ಮಾಡದು. ಗರ್ಭದ ಮೊದಲ ಮೂರು ತಿಂಗಳಲ್ಲಿ, ಕಣ್ಣಿನೊಳಗೆ ಅನಿಲ ತುಂಬಿಸಿದ ಶಸ್ತ್ರಚಿಕಿತ್ಸೆಯಾದವರಿಗೆ ಬೇಡ. ವಿಟಮಿನ್ ಬಿ12 ಕೊರತೆ ಇರುವವರಿಗೂ ಇದು ಹಾನಿ ಮಾಡಬಹುದು. ಸಸ್ಯಾಹಾರಿಗಳು ಹೆಚ್ಚಿರುವ ನಮ್ಮ ಮನೆಗಳಲ್ಲಿ ಈ ಕೊರತೆ ಸಾಮಾನ್ಯವಾದ್ದರಿಂದ ಇದನ್ನು ಕೇಳಿಯೇ ತಿಳಿಯಬೇಕು.

ಎರಡನೆಯದು ಮಾತ್ರೆ. ಸುಲಭವೆಂದು ಕಾಣುವ ಇದರಲ್ಲಿ ಒಂದು ಮಿತಿ ಇದೆ: ಒಮ್ಮೆ ನುಂಗಿದ ಮೇಲೆ ಪರಿಣಾಮವನ್ನು ಹೆಚ್ಚು ಕಡಿಮೆ ಮಾಡಲಾಗದು, ಅದು ಹಿಡಿಯಲು ಸುಮಾರು ಒಂದು ಗಂಟೆ ಬೇಕು. ಏನೂ ಆಗಲಿಲ್ಲವೆಂದು ಅರ್ಧ ಗಂಟೆಗೆ ಇನ್ನೊಂದು ನುಂಗಿದರೆ ಎರಡೂ ಒಟ್ಟಿಗೆ ಹಿಡಿದು ಉಸಿರಾಟ ನಿಧಾನಗೊಳ್ಳಬಹುದು. ಆಲ್‌ಪ್ರಜೋಲಮ್, ಡಯಾಜೆಪಮ್ ನಮ್ಮ ದೇಶದಲ್ಲಿ ಎಚ್1 ಪಟ್ಟಿಯ ಔಷಧಗಳು, ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲ. ಮನೆಯಲ್ಲಿ ಹಿರಿಯರಿಗೆ ಬರೆದುಕೊಟ್ಟದ್ದನ್ನು ನುಂಗಿ ಹೋಗುವುದು, ಅದೂ ವೈದ್ಯರಿಗೆ ಹೇಳದೆ ಹೋಗುವುದು ಅಪಾಯ. ಮದ್ಯದ ಜೊತೆ, ತೀವ್ರ ನೋವಿನ ಕೆಲವು ಮಾತ್ರೆಗಳ ಜೊತೆ, ನಿದ್ದೆಯಲ್ಲಿ ಉಸಿರು ನಿಂತು ಜೋರಾಗಿ ಗೊರಕೆ ಹೊಡೆಯುವವರಲ್ಲಿ ಅಪಾಯ ಇನ್ನೂ ಹೆಚ್ಚು. ಮೂರನೆಯದು ರಕ್ತನಾಳಕ್ಕೆ ಕೊಡುವ ಮಿಡಾಜೋಲಮ್. ಇದನ್ನು ಚೂರು ಚೂರಾಗಿ ಕೊಟ್ಟು, ನಡುನಡುವೆ ಕಾದು ನೋಡಿ, ಸಾಕಾದಾಗ ನಿಲ್ಲಿಸಬಹುದು. ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್, ಪಕ್ಕದಲ್ಲಿ ಆಕ್ಸಿಜನ್, ಪರಿಣಾಮ ಇಳಿಸುವ ಫ್ಲುಮಜೆನಿಲ್, ಇದನ್ನೇ ನೋಡಿಕೊಳ್ಳಲು ತರಬೇತಿ ಪಡೆದ ಇನ್ನೊಬ್ಬರು ಇಲ್ಲದ ಕಡೆ ಒಪ್ಪಬೇಡಿ. ಮಾತ್ರೆಗೂ ಇದಕ್ಕೂ ಜೊತೆಗೊಬ್ಬರು ಬರಬೇಕು, ಮರುದಿನದವರೆಗೆ ಗಾಡಿ ಓಡಿಸಬಾರದು, ದಸ್ತಾವೇಜಿಗೆ ಸಹಿ ಹಾಕಬಾರದು. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವುದೂ ಬೇಡ, ಆಟೋ ಅಥವಾ ಕಾರು ಇರಲಿ.

ಮಿಡಾಜೋಲಮ್ ಕೊಟ್ಟ ಮೇಲೆ ನಡೆದದ್ದು ಅನೇಕರಿಗೆ ನೆನಪೇ ಉಳಿಯುವುದಿಲ್ಲ. ರೋಗಿಗಳು ಇದನ್ನೇ ಮೆಚ್ಚುತ್ತಾರೆ. ಆದರೆ ಭಯದ ದೃಷ್ಟಿಯಿಂದ ಇದೇ ಅದರ ದೊಡ್ಡ ಕೊರತೆ, ನೆನಪಿಲ್ಲದ ಅನುಭವದಿಂದ ಮನಸ್ಸು ಏನನ್ನೂ ಕಲಿಯಲಾರದು. ಜರ್ಮನಿಯಲ್ಲಿ 2000ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದಂತಭಯವಿದ್ದ 50 ಮಂದಿಯನ್ನು ಹೋಲಿಸಿದರು. ಒಂದೇ ಸಲದ ಮನೋಚಿಕಿತ್ಸೆ ಪಡೆದವರೂ, ಆತಂಕದ ಮಾತ್ರೆ ಪಡೆದವರೂ ಶಸ್ತ್ರಚಿಕಿತ್ಸೆಯ ದಿನ ಏನೂ ಪಡೆಯದವರಿಗಿಂತ ಕಡಿಮೆ ಹೆದರಿದ್ದರು. ಎರಡು ತಿಂಗಳ ನಂತರ ನೋಡಿದಾಗ ಮಾತ್ರೆಯವರ ಭಯ ಮರಳಿತ್ತು. ಮುಂದಿನ ಚಿಕಿತ್ಸೆಯನ್ನು ಮುಂದುವರಿಸಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 70, ಮಾತ್ರೆಯ ಗುಂಪಿನಲ್ಲಿ 20. ಹಾಗೆಂದು ಮಂಪರನ್ನು ಬಿಡಬೇಕೆಂದಲ್ಲ, ಅದನ್ನು ಏಣಿಯ ಒಂದು ಮೆಟ್ಟಿಲಾಗಿ ಇಟ್ಟು, ಒಂದೊಂದು ಸಲಕ್ಕೂ ಕಡಿಮೆ ಮಾಡುತ್ತ ಹೋಗಬೇಕು. ನೆನಪನ್ನು ಉಳಿಸುವ ಮತ್ತು ಪ್ರಮಾಣವನ್ನು ಕ್ಷಣಕ್ಷಣಕ್ಕೂ ಬದಲಿಸಬಹುದಾದ ನೈಟ್ರಸ್ ಇದಕ್ಕೆ ಹೆಚ್ಚು ಹೊಂದುತ್ತದೆ.

ಸುಮಿತ್ರಾ ಅವರ ರೂಟ್ ಕೆನಾಲ್ ಮೂರು ಸಿಟ್ಟಿಂಗುಗಳಲ್ಲಿ ನಡೆಯುತ್ತದೆ. ರಕ್ತಪರೀಕ್ಷೆಯಲ್ಲಿ ಬಿ12 ಸರಿಯಿದೆ. ಮೊದಲ ಸಲ ನೈಟ್ರಸ್ ಶೇಕಡ 40. ಅವರು ಬರೆದ ಭವಿಷ್ಯ: "ಕೊರೆಯುವಾಗ ನೋವಾಗುತ್ತದೆ, ನಾನು ಕೈ ಎತ್ತಿದರೂ ನಿಲ್ಲಿಸುವುದಿಲ್ಲ." ನಂಬಿಕೆ 60. ತಣ್ಣನೆಯ ಹತ್ತಿಯುಂಡೆ ಗೊತ್ತಾದ್ದರಿಂದ ಪೂರಕ ಇಂಜೆಕ್ಷನ್ ಕೊಡಬೇಕಾಯಿತು. ಅವರು ನಾಲ್ಕು ಸಲ ಕೈ ಎತ್ತಿದರು, ನಾಲ್ಕು ಸಲವೂ ಡ್ರಿಲ್ ಹೊರಗೆ ಬಂತು. ಎರಡನೆಯ ಸಲ ಶೇಕಡ 20 ಸಾಕಾಯಿತು. ಮೂರನೆಯ ಸಲ ಮಾಸ್ಕ್ ಪಕ್ಕದಲ್ಲೇ ತೂಗುತ್ತಿತ್ತು, ಅನಿಲ ಬಿಟ್ಟಿರಲಿಲ್ಲ. ನಡುವೆ ಒಮ್ಮೆ ಎಡಗೈ ಮೇಲೆದ್ದಿತು. ವೈದ್ಯರು ಕೈ ತೆಗೆದು "ನೋವಾಯ್ತಾ?" ಎಂದರು. "ಇಲ್ಲ ಡಾಕ್ಟ್ರೇ, ಕೆನ್ನೆ ಒಳಗಿನ ಹತ್ತಿ ಪೂರ್ತಿ ನೆಂದಿದೆ, ಬದಲಾಯಿಸ್ತೀರಾ?" ಹತ್ತಿ ಬದಲಾಯಿತು, ಅವರೇ ಮತ್ತೆ ಬಾಯಿ ತೆರೆದರು. ಆ ದಿನ ಚೀಟಿಯಲ್ಲಿ ಬರೆದ ಆತಂಕದ ಅಂಕ 30, ಆರು ತಿಂಗಳ ನಂತರದ ಕ್ಲೀನಿಂಗಿಗೆ ದಿನ ಗೊತ್ತುಮಾಡಿಸಿದ್ದೂ ಅದೇ ಚೀಟಿಯ ಹಿಂಬದಿಯಲ್ಲಿ.